ಕೆಲವೇ ಸೆಕೆಂಡುಗಳ ಬಿರುಸಿನ ಶ್ರಮದಲ್ಲಿ ಸ್ನಾಯುವಿಗೆ ಎಟಿಪಿ ಎಲ್ಲಿಂದ ಬರುತ್ತದೆ? ಕ್ರಿಯೇಟಿನ್ ಫಾಸ್ಫೇಟ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಓಟಗಾರರು, ಕಬಡ್ಡಿ ಆಟಗಾರರು, ಜಿಮ್‌ಗೆ ಹೋಗುವವರು, ಜೀವಶಾಸ್ತ್ರದ ವಿದ್ಯಾರ್ಥಿಗಳು ಹಾಗೂ ಅವರ ಅಧ್ಯಾಪಕರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಅಂಕಿಗಳ ಬಗ್ಗೆ ಒಂದು ಸೂಚನೆ ಅಗತ್ಯ: ಸ್ನಾಯುವಿನ ತುಣುಕನ್ನು ತೆಗೆದು, ಹೆಪ್ಪುಗಟ್ಟಿಸಿ, ನೀರಿನಂಶವನ್ನೆಲ್ಲ ಹೋಗಲಾಡಿಸಿ ಅಳೆಯುವ ಪದ್ಧತಿ ಇರುವುದರಿಂದ, ‘ಕಿಲೋ ಒಣ ಸ್ನಾಯುವಿಗೆ ಇಷ್ಟು ಮಿಲಿಮೋಲ್’ ಎಂಬ ಅಳತೆ ಈ ವಿಷಯದಲ್ಲಿ ಸಾಮಾನ್ಯ. ಜೀವಂತ ಸ್ನಾಯುವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಆಗಿರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

## ಮೊದಲು ತಿಳಿಯಬೇಕಾದದ್ದು

ಎಟಿಪಿ ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿ ತಾನೇ? ಅದು ಪೂರ್ತಿ ಮುಗಿದಾಗಲೇ ಸುಸ್ತಾಗುವುದಾ?

ಜೀವಕೋಶದ ಕೆಲಸಗಳಿಗೆ ನೇರವಾಗಿ ಶಕ್ತಿ ಕೊಡುವ ಅಣು ಎಟಿಪಿ. ಅದು ಕೂಡಿಟ್ಟ ಶಕ್ತಿಯಲ್ಲ, ಬಂದಹಾಗೆಯೇ ಖರ್ಚಾಗುವ ಶಕ್ತಿ. ವಿಶ್ರಾಂತಿಯಲ್ಲಿರುವ ಮನುಷ್ಯನ ತೊಡೆಯ ಸ್ನಾಯುವಿನಲ್ಲಿ ಕಿಲೋ ಒಣ ಸ್ನಾಯುವಿಗೆ ಸುಮಾರು 25 ಮಿಲಿಮೋಲ್ ಎಟಿಪಿ ಇರುತ್ತದೆ. ಮೈಯ ಬಲವನ್ನೆಲ್ಲ ಹಾಕಿ ಸೈಕಲ್ ತುಳಿಯುವಾಗ ಮೊದಲ ಕೆಲವು ಸೆಕೆಂಡುಗಳಲ್ಲಿ ಅದೇ ಸ್ನಾಯು ಸೆಕೆಂಡಿಗೆ ಸುಮಾರು 15 ಮಿಲಿಮೋಲ್‌ನಷ್ಟು ಎಟಿಪಿಯನ್ನು ವ್ಯಯಿಸುತ್ತದೆ. ಮರುತಯಾರಿಕೆಯೇ ಇಲ್ಲದಿದ್ದರೆ ಇರುವುದೆಲ್ಲ ಎರಡು ಸೆಕೆಂಡಿನೊಳಗೆ ತೀರಿಹೋಗಬೇಕಿತ್ತು.

ಹಾಗೆ ತೀರಲು ಸ್ನಾಯು ಬಿಡುವುದಿಲ್ಲ. ಸ್ನಾಯು ಬಿಗಿಯುವುದಕ್ಕೆ ಮಾತ್ರವಲ್ಲ, ಸಡಿಲಗೊಳ್ಳುವುದಕ್ಕೂ ಎಟಿಪಿ ಬೇಕು. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗೆ ಅಂಟಿಕೊಂಡು ಅದನ್ನು ಎಳೆಯುವ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನಿನ ತಲೆ ಬಿಡಿಸಿಕೊಳ್ಳಬೇಕಾದರೆ ಹೊಸದೊಂದು ಎಟಿಪಿ ಅಣು ಬಂದು ಅದರ ಮೇಲೆ ಕೂರಬೇಕು. ಬಿಗಿತಕ್ಕೆ ಕಾರಣವಾದ ಕ್ಯಾಲ್ಸಿಯಂ ಅನ್ನು ಅದರ ಚೀಲಕ್ಕೆ ಮರಳಿ ತುಂಬುವ ಪಂಪು ಕೂಡ ಎಟಿಪಿಯಿಂದಲೇ ನಡೆಯುತ್ತದೆ. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು ಎಟಿಪಿ ನಿಜವಾಗಿಯೂ ಮುಗಿದಾಗ ಏನಾಗುತ್ತದೆ ಎಂಬುದರ ಉದಾಹರಣೆ. ಜೀವಂತ ಸ್ನಾಯುವಿನಲ್ಲಿ, 30 ಸೆಕೆಂಡುಗಳ ಅತ್ಯಂತ ಕಠಿಣ ಶ್ರಮದ ನಂತರವೂ, ಸರಾಸರಿಯಾಗಿ ಎಟಿಪಿ ಕಾಲು ಭಾಗದ ಆಸುಪಾಸಿನಷ್ಟು ಮಾತ್ರ ಇಳಿದಿರುತ್ತದೆ. ವೇಗವಾಗಿ ಬಿಗಿಯುವ ಸ್ನಾಯುತಂತುಗಳಾದ ವೇಗದ ಎಳೆಗಳಲ್ಲಿ ಇಳಿತ ಇದಕ್ಕಿಂತ ಆಳ, ಆದರೂ ಅದು ಸೊನ್ನೆಗೆ ಹೋಗುವುದಿಲ್ಲ. ಆದ್ದರಿಂದ ಸುಸ್ತಿನ ಕಾರಣವನ್ನು ಎಟಿಪಿಯ ಕೊರತೆಯಲ್ಲಿ ಹುಡುಕುವ ಬದಲು, ಅದು ಮರಳಿ ತಯಾರಾಗುವ ವೇಗದಲ್ಲಿ ಹುಡುಕಬೇಕು.

ಕ್ರಿಯೇಟಿನ್ ಫಾಸ್ಫೇಟ್ ಎಟಿಪಿಯನ್ನು ಮತ್ತೆ ತಯಾರಿಸುತ್ತದೆ ಅಂತಾರೆ, ನಿಖರವಾಗಿ ಏನು ನಡೆಯುತ್ತದೆ?

ಎಟಿಪಿ ಕೆಲಸ ಮಾಡಿದಾಗ ಅದರ ತುದಿಯ ಫಾಸ್ಫೇಟ್ ಕಳಚಿಹೋಗಿ ಎಡಿಪಿ ಉಳಿಯುತ್ತದೆ. ಕ್ರಿಯೇಟಿನ್ ಫಾಸ್ಫೇಟ್ ತನ್ನಲ್ಲಿರುವ ಫಾಸ್ಫೇಟನ್ನು ಆ ಎಡಿಪಿಗೆ ದಾಟಿಸಿ ಅದನ್ನು ಮರಳಿ ಎಟಿಪಿಯಾಗಿಸುತ್ತದೆ, ತಾನು ಬರೀ ಕ್ರಿಯೇಟಿನ್ ಆಗಿ ಉಳಿಯುತ್ತದೆ. ಇದನ್ನು ನಡೆಸುವ ಕಿಣ್ವದ ಹೆಸರು ಕ್ರಿಯೇಟಿನ್ ಕೈನೇಸ್. ಸೂತ್ರರೂಪದಲ್ಲಿ ಹೀಗೆ ಬರೆಯುತ್ತಾರೆ, ಇದರಲ್ಲಿ PCr ಎಂದರೆ ಕ್ರಿಯೇಟಿನ್ ಫಾಸ್ಫೇಟ್, Cr ಎಂದರೆ ಬರೀ ಕ್ರಿಯೇಟಿನ್, H⁺ ಎಂದರೆ ಆಮ್ಲೀಯತೆಗೆ ಕಾರಣವಾದ ಪ್ರೋಟಾನ್:

```
PCr + ADP + H⁺ ⇌ ATP + Cr
```

ಈ ದಾಟುವಿಕೆ ಎಟಿಪಿಯ ಕಡೆಗೆ ವಾಲುವುದಕ್ಕೆ ಕಾರಣವಿದೆ. ಪ್ರಮಾಣಿತ ಸ್ಥಿತಿಯಲ್ಲಿ ಕ್ರಿಯೇಟಿನ್ ಫಾಸ್ಫೇಟಿನ ಬಂಧ ಒಡೆದರೆ ಮೋಲ್‌ಗೆ ಸುಮಾರು 43 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ, ಎಟಿಪಿಯ ತುದಿಯ ಬಂಧ ಒಡೆದರೆ ಸುಮಾರು 30. ಹೆಚ್ಚು ಶಕ್ತಿಯ ಕಡೆಯಿಂದ ಕಡಿಮೆ ಶಕ್ತಿಯ ಕಡೆಗೆ ಫಾಸ್ಫೇಟ್ ಸಲೀಸಾಗಿ ಸಾಗುತ್ತದೆ.

ವೇಗದ ಗುಟ್ಟು ಇರುವುದು ಇದು ಒಂದೇ ಹೆಜ್ಜೆಯ ಕ್ರಿಯೆ ಎಂಬುದರಲ್ಲಿ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್‌ನಿಂದ ಎಟಿಪಿ ಪಡೆಯಲು ಹತ್ತಕ್ಕೂ ಹೆಚ್ಚು ಹೆಜ್ಜೆಗಳು ಸಾಲಾಗಿ ನಡೆಯಬೇಕು. ಜೀವಕೋಶದೊಳಗಿನ ಶಕ್ತಿಗೃಹವಾದ ಮೈಟೋಕಾಂಡ್ರಿಯದಲ್ಲಿ ಪಡೆಯಬೇಕಾದರೆ ಶ್ವಾಸಕೋಶದಿಂದ ಹಿಡಿದು ಜೀವಕೋಶದ ಒಳಗಿನವರೆಗೆ ಆಮ್ಲಜನಕದ ಸಾಗಾಟ ಹೆಚ್ಚಬೇಕು, ಅದಕ್ಕೆ ಹತ್ತಾರು ಸೆಕೆಂಡು ಹಿಡಿಯುತ್ತದೆ. ಕ್ರಿಯೇಟಿನ್ ಕೈನೇಸ್ ಮಾತ್ರ ಸ್ನಾಯುವಿನಲ್ಲಿ ಹೇರಳವಾಗಿದ್ದು, ಅದರ ಒಂದು ಪಾಲು ಮಯೋಸಿನ್ ಎಳೆಗಳ ನಟ್ಟನಡುವೆ, ಎಂದರೆ ಎಟಿಪಿ ಖರ್ಚಾಗುವ ಜಾಗದಲ್ಲೇ, ಕಟ್ಟಿಕೊಂಡಿರುತ್ತದೆ. ಅದಕ್ಕೆ ಬೇರೆ ಯಾವ ಆಜ್ಞೆಯೂ ಬೇಕಿಲ್ಲ. ಎಡಿಪಿ ಹೆಚ್ಚಿದ ಕೂಡಲೇ ಕ್ರಿಯೆ ತಾನಾಗಿ ಬಲಕ್ಕೆ ಸಾಗುತ್ತದೆ, ವಿಶ್ರಾಂತಿಯಲ್ಲಿ ಎಟಿಪಿ ಧಾರಾಳವಾದಾಗ ಎಡಕ್ಕೆ ತಿರುಗಿ ಕ್ರಿಯೇಟಿನ್ ಫಾಸ್ಫೇಟನ್ನು ಮತ್ತೆ ಕಟ್ಟುತ್ತದೆ.

ಮೊದಲ ಹತ್ತು ಸೆಕೆಂಡು ಕ್ರಿಯೇಟಿನ್ ಫಾಸ್ಫೇಟ್, ಅದು ಮುಗಿದ ಮೇಲೆ ಗ್ಲೈಕೋಜನ್, ಆಮೇಲೆ ಆಮ್ಲಜನಕ ಅಂತ ನಮ್ಮ ಕೋಚ್ ಹೇಳಿಕೊಟ್ಟಿದ್ದರು. ಇದು ಸರಿಯೇ?

ಕ್ರಮ ಸ್ಥೂಲವಾಗಿ ಸರಿ, ಆದರೆ ‘ಒಂದು ಮುಗಿದ ಮೇಲೆ ಇನ್ನೊಂದು’ ಎಂಬ ಭಾಗ ಸರಿಯಲ್ಲ. ಪಠ್ಯಪುಸ್ತಕಗಳ ಚಿತ್ರಗಳಿಂದ ಹುಟ್ಟಿದ ಈ ಕಲ್ಪನೆಯನ್ನು ಸ್ವಲ್ಪ ವಿವರವಾಗಿಯೇ ಪರೀಕ್ಷಿಸೋಣ.

ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಎಂಟು ಮಂದಿ ಪುರುಷರು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ 6 ಸೆಕೆಂಡುಗಳ ಹತ್ತು ಸ್ಪ್ರಿಂಟ್‌ಗಳನ್ನು, ನಡುವೆ 30 ಸೆಕೆಂಡು ಮಾತ್ರ ಬಿಡುವು ಕೊಟ್ಟು, ಪೂರ್ಣ ಬಲದಿಂದ ಮಾಡಿದರು. ಮೊದಲ ಸ್ಪ್ರಿಂಟಿಗೆ ಮುನ್ನ, ಅದು ಮುಗಿದ ಕೂಡಲೇ, ಹಾಗೆಯೇ ಹತ್ತನೆಯದರ ಹಿಂದೆಮುಂದೆ ತೊಡೆಯ ಸ್ನಾಯುವಿನಿಂದ ಸಣ್ಣ ತುಣುಕುಗಳನ್ನು ತೆಗೆದು ಪರೀಕ್ಷಿಸಲಾಯಿತು. ಮೊದಲ ಆರೇ ಸೆಕೆಂಡುಗಳಲ್ಲಿ ಕ್ರಿಯೇಟಿನ್ ಫಾಸ್ಫೇಟ್ ಶೇ. 57ರಷ್ಟು ಇಳಿದಿತ್ತು, ಎಟಿಪಿ ಇಳಿದದ್ದು ಶೇ. 13 ಮಾತ್ರ. ಆಮ್ಲಜನಕದ ನೆರವಿಲ್ಲದೆ ತಯಾರಾದ ಎಟಿಪಿ ಸೆಕೆಂಡಿಗೆ ಸುಮಾರು 15 ಮಿಲಿಮೋಲ್. ಆರು ಸೆಕೆಂಡಿಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 90 ಮಿಲಿಮೋಲ್ ಆಗುತ್ತದೆ. ಅದರಲ್ಲಿ ಅರ್ಧದಷ್ಟು, ಎಂದರೆ ಸುಮಾರು 44 ಮಿಲಿಮೋಲ್, ಕ್ರಿಯೇಟಿನ್ ಫಾಸ್ಫೇಟಿನಿಂದ ಬಂದಿತ್ತು. ಆದರೆ ಶೇ. 44ರಷ್ಟು ಗ್ಲೈಕೋಜನ್ ಒಡೆದು ಲ್ಯಾಕ್ಟೇಟ್ ಆಗುವ ದಾರಿಯಿಂದಲೇ ಬಂದಿತ್ತು.

ಎಂದರೆ ಗ್ಲೈಕೋಜನ್‌ನ ದಾರಿ ಹತ್ತನೇ ಸೆಕೆಂಡಿಗಾಗಿ ಕಾಯುವುದಿಲ್ಲ, ಮೊದಲ ಸೆಕೆಂಡುಗಳಲ್ಲೇ ತೆರೆದುಕೊಂಡಿರುತ್ತದೆ. ಅದನ್ನು ತೆರೆಯುವುದರಲ್ಲಿ ಕ್ರಿಯೇಟಿನ್ ಫಾಸ್ಫೇಟಿನ ಪಾತ್ರವೂ ಇದೆ. ಅದರಿಂದ ಬಿಡುಗಡೆಯಾಗಿ ಜೀವಕೋಶದಲ್ಲಿ ಶೇಖರಗೊಳ್ಳುವ ಬಿಡಿ ಫಾಸ್ಫೇಟೇ ಗ್ಲೈಕೋಜನ್ ಒಡೆಯುವ ಕಿಣ್ವಕ್ಕೆ ಬೇಕಾದ ಕಚ್ಚಾವಸ್ತು.

ಹತ್ತನೆಯ ಸ್ಪ್ರಿಂಟಿನಲ್ಲಿ ಕಂಡದ್ದು ಇನ್ನೂ ಯೋಚನೆಗೆ ಹಚ್ಚುವಂಥದು. ಅಷ್ಟು ಹೊತ್ತಿಗೆ ಗ್ಲೈಕೋಜನ್‌ನ ದಾರಿ ಬಹುಪಾಲು ಮುಚ್ಚಿಹೋಗಿತ್ತು. ಆಮ್ಲಜನಕವಿಲ್ಲದೆ ತಯಾರಾದ ಎಟಿಪಿಯಲ್ಲಿ ಶೇ. 80ರಷ್ಟು ಕ್ರಿಯೇಟಿನ್ ಫಾಸ್ಫೇಟಿನದು, ಗ್ಲೈಕೋಜನ್‌ನದು ಶೇ. 16 ಮಾತ್ರ. ಹಾಗೆ ತಯಾರಾಗುವ ಎಟಿಪಿಯ ಒಟ್ಟು ವೇಗ ಮೊದಲಿನ ಮೂರನೇ ಒಂದು ಭಾಗದ ಮಟ್ಟಕ್ಕೆ ಕುಸಿದಿದ್ದರೂ ಸವಾರರ ಸರಾಸರಿ ಸಾಮರ್ಥ್ಯ ಶೇ. 73ರಷ್ಟು ಉಳಿದಿತ್ತು. ಅಂತರವನ್ನು ತುಂಬಿದ್ದು ಆಮ್ಲಜನಕ ಬಳಸುವ ಮೈಟೋಕಾಂಡ್ರಿಯವೆಂದು ಸಂಶೋಧಕರು ಅರ್ಥೈಸಿದರು. ಮೂರೂ ದಾರಿಗಳು ಆರಂಭದಿಂದಲೇ ತೆರೆದಿರುತ್ತವೆ, ಬದಲಾಗುವುದು ಅವುಗಳ ಪಾಲು ಮಾತ್ರ.

ಕ್ರಿಯೇಟಿನ್ ಫಾಸ್ಫೇಟ್ ನಮ್ಮ ಸ್ನಾಯುಗಳಲ್ಲಿ ಎಷ್ಟಿರುತ್ತದೆ? ಎಲ್ಲಿಂದ ಬರುತ್ತದೆ?

ಕಿಲೋ ಒಣ ಸ್ನಾಯುವಿನಲ್ಲಿ ಒಟ್ಟು ಕ್ರಿಯೇಟಿನ್ ಸುಮಾರು 120 ಮಿಲಿಮೋಲ್. ವಿಶ್ರಾಂತಿಯಲ್ಲಿ ಅದರ ಮೂರರಲ್ಲಿ ಎರಡು ಪಾಲು, ಎಂದರೆ 75ರಿಂದ 85 ಮಿಲಿಮೋಲ್, ಫಾಸ್ಫೇಟ್ ಹೊತ್ತ ರೂಪದಲ್ಲಿರುತ್ತದೆ. ಇದು ಎಟಿಪಿಯ ಮೂರು ಪಟ್ಟಿಗಿಂತ ಹೆಚ್ಚು. ವೇಗದ ಎಳೆಗಳಲ್ಲಿ ನಿಧಾನದ ಎಳೆಗಳಿಗಿಂತ ತುಸು ಹೆಚ್ಚಿರುತ್ತದೆ, ಖರ್ಚಾಗುವುದೂ ಅಲ್ಲೇ ಬೇಗ.

ಕ್ರಿಯೇಟಿನ್ ಅನ್ನು ದೇಹವೇ ಅರ್ಜಿನಿನ್, ಗ್ಲೈಸಿನ್ ಮತ್ತು ಮೆಥಿಯೋನಿನ್ ಎಂಬ ಅಮೈನೋ ಆಮ್ಲಗಳಿಂದ, ಮೊದಲ ಹಂತವನ್ನು ಮುಖ್ಯವಾಗಿ ಮೂತ್ರಪಿಂಡದಲ್ಲೂ ಎರಡನೆಯದನ್ನು ಯಕೃತ್ತಿನಲ್ಲೂ ನಡೆಸಿ, ತಯಾರಿಸುತ್ತದೆ. ಮಾಂಸ, ಮೀನು ತಿನ್ನುವವರಿಗೆ ಆಹಾರದಿಂದಲೂ ಒಂದಷ್ಟು ಸಿಗುತ್ತದೆ. ಹೀಗೆ ಬಂದದ್ದು ರಕ್ತದ ಮೂಲಕ ಸ್ನಾಯುವನ್ನು ಸೇರುತ್ತದೆ, ದೇಹದ ಕ್ರಿಯೇಟಿನ್‌ನಲ್ಲಿ ಶೇ. 95ರಷ್ಟು ಇರುವುದು ಅಲ್ಲಿಯೇ.

## ಓಟ, ಆಟ ಮತ್ತು ಬಿಡುವು

ನೂರು ಮೀಟರ್ ಓಟದಲ್ಲಿ ಕೊನೆಯ ಇಪ್ಪತ್ತು ಮೀಟರ್ ಬಂದಾಗ ಕಾಲು ಏಳುವುದಿಲ್ಲ. ಇದಕ್ಕೂ ಇದೇ ಕಾರಣವಾ?

ಒಂದು ಮುಖ್ಯ ಕಾರಣ ಹೌದು. ವಿಶ್ವದ ಅತ್ಯುತ್ತಮ ಓಟಗಾರರಲ್ಲೂ ಇದು ಕಾಣುತ್ತದೆ. 2009ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡಿನಲ್ಲಿ ನೂರು ಮೀಟರ್ ಓಡಿದಾಗ 60ರಿಂದ 80 ಮೀಟರಿನ ನಡುವಿನ ಇಪ್ಪತ್ತು ಮೀಟರಿಗೆ 1.61 ಸೆಕೆಂಡು ಹಿಡಿಯಿತು, ಕೊನೆಯ ಇಪ್ಪತ್ತಕ್ಕೆ 1.66 ಸೆಕೆಂಡು. ಆತ ಕೊನೆಯಲ್ಲಿ ವೇಗ ಹೆಚ್ಚಿಸಿದಂತೆ ನಮ್ಮ ಕಣ್ಣಿಗೆ ಕಂಡದ್ದು ಉಳಿದವರು ಆತನಿಗಿಂತ ಹೆಚ್ಚು ನಿಧಾನವಾದದ್ದರಿಂದ.

ಕ್ರಿಯೇಟಿನ್ ಫಾಸ್ಫೇಟ್ ಓಟದ ಮೊದಲ ಅರ್ಧದಲ್ಲೇ ಅತಿ ವೇಗವಾಗಿ ಇಳಿಯುತ್ತದೆ. ಅದು ಇಳಿದಷ್ಟೂ ಅದರಿಂದ ಸಿಗುವ ಎಟಿಪಿಯ ವೇಗವೂ ಇಳಿಯುತ್ತದೆ, ಮತ್ತು ಆ ಕೊರತೆಯನ್ನು ಅಷ್ಟೇ ವೇಗದಲ್ಲಿ ತುಂಬಿಕೊಡುವ ಇನ್ನೊಂದು ದಾರಿ ಸ್ನಾಯುವಿನಲ್ಲಿಲ್ಲ. ಆದರೆ ನರಗಳ ಪ್ರಚೋದನೆ ಕುಗ್ಗುವುದು, ಹೆಜ್ಜೆಯ ಲಯ ತಪ್ಪುವುದು, ಮುಂದೆ ಹೇಳುವ ಬಿಡಿ ಫಾಸ್ಫೇಟಿನ ಅಡ್ಡಿ, ಇವೂ ಜೊತೆ ಸೇರುತ್ತವೆ. ಎಲ್ಲ ಹೊಣೆಯನ್ನೂ ಒಂದೇ ಅಣುವಿನ ಮೇಲೆ ಹೊರಿಸುವುದು ನನಗೆ ಸರಿಕಾಣುವುದಿಲ್ಲ.

ಇದು ಆಮ್ಲಜನಕ ಬೇಡದ ವ್ಯವಸ್ಥೆ ಅಂತಾರಲ್ಲ, ಹಾಗಾದರೆ ಓಟ ಮುಗಿದ ಮೇಲೆ ಅಷ್ಟೊಂದು ಏದುಸಿರು ಏಕೆ?

ಖರ್ಚಿಗೆ ಆಮ್ಲಜನಕ ಬೇಡ, ಮರುಭರ್ತಿಗೆ ಬೇಕೇ ಬೇಕು. ಈ ವಿಷಯದಲ್ಲಿ ಅತಿ ಹೆಚ್ಚು ಜನ ಕಡೆಗಣಿಸುವ ಸಂಗತಿ ಇದೇ ಎಂದು ನನ್ನ ಅಭಿಪ್ರಾಯ.

ಶ್ರಮ ನಿಂತಾಗ ಸ್ನಾಯುವಿನಲ್ಲಿ ಫಾಸ್ಫೇಟ್ ಕಳೆದುಕೊಂಡ ಕ್ರಿಯೇಟಿನ್ ತುಂಬಿಕೊಂಡಿರುತ್ತದೆ. ಅದಕ್ಕೆ ಮರಳಿ ಫಾಸ್ಫೇಟ್ ಕೊಡಬೇಕಾದದ್ದು ಎಟಿಪಿ, ಆ ಎಟಿಪಿಯನ್ನು ಒದಗಿಸುವುದು ಆಮ್ಲಜನಕ ಬಳಸುವ ಮೈಟೋಕಾಂಡ್ರಿಯ. ಇದನ್ನು ತೋರಿಸಿಕೊಟ್ಟ ಸರಳವಾದ ಪ್ರಯೋಗವೊಂದನ್ನು ಸ್ವೀಡನ್ನಿನ ಎರಿಕ್ ಹಲ್ಟ್‌ಮನ್, ರೋಜರ್ ಹ್ಯಾರಿಸ್ ಮತ್ತು ಜೊತೆಗಾರರು 1976ರಲ್ಲಿ ಪ್ರಕಟಿಸಿದರು. ವ್ಯಾಯಾಮ ಮುಗಿದ ಕೂಡಲೇ ತೊಡೆಗೆ ಪಟ್ಟಿ ಬಿಗಿದು ರಕ್ತಸಂಚಾರ ತಡೆದರೆ ಕ್ರಿಯೇಟಿನ್ ಫಾಸ್ಫೇಟ್ ಮರಳಿ ಏರಲೇ ಇಲ್ಲ, ರಕ್ತ ಹರಿಯಲು ಬಿಟ್ಟಾಗ ಏರಿತು. ಓಟದ ನಂತರದ ಏದುಸಿರಿನ ಒಂದು ಪಾಲು ಈ ಸಾಲ ತೀರಿಸುವುದಕ್ಕೇ ಹೋಗುತ್ತದೆ.

ಈ ಕಾರಣಕ್ಕಾಗಿಯೇ ದೂರದ ಓಟದ ಅಭ್ಯಾಸದಿಂದ ಮೈಟೋಕಾಂಡ್ರಿಯ ಬಲಗೊಂಡವರಲ್ಲಿ ಮರುಭರ್ತಿ ಬೇಗ ನಡೆಯುತ್ತದೆ. ಮೈಟೋಕಾಂಡ್ರಿಯದ ಕಾಯಿಲೆ ಇರುವವರಲ್ಲಿ ಅದು ಎದ್ದುಕಾಣುವಷ್ಟು ನಿಧಾನ. ಫಾಸ್ಫರಸ್ ಅನ್ನು ಗುರುತಿಸುವ ಎಂಆರ್ ಯಂತ್ರದಲ್ಲಿ ರೋಗಿಯ ಕಾಲಿಗೆ ಲಘು ವ್ಯಾಯಾಮ ಮಾಡಿಸಿ, ಚುಚ್ಚದೆ ಕೊಯ್ಯದೆ, ಈ ಏರಿಕೆಯ ವೇಗವನ್ನು ಅಳೆದು ಮೈಟೋಕಾಂಡ್ರಿಯದ ಸ್ಥಿತಿಯನ್ನು ಅಂದಾಜಿಸುವ ಪದ್ಧತಿ ಸಂಶೋಧನೆಯಲ್ಲಿ ಬಳಕೆಯಲ್ಲಿದೆ.

ಎರಡು ಸ್ಪ್ರಿಂಟ್‌ಗಳ ನಡುವೆ ಎಷ್ಟು ಹೊತ್ತು ಬಿಡುವು ಕೊಟ್ಟರೆ ಪೂರ್ತಿ ತುಂಬುತ್ತದೆ?

ಎಷ್ಟು ಖಾಲಿಯಾಗಿತ್ತು ಎಂಬುದರ ಮೇಲೆ ಉತ್ತರ ನಿಂತಿದೆ. 30 ಸೆಕೆಂಡುಗಳ ಪೂರ್ಣಬಲದ ಸೈಕಲ್ ಸ್ಪ್ರಿಂಟಿನ ನಂತರ ಕ್ರಿಯೇಟಿನ್ ಫಾಸ್ಫೇಟ್ ವಿಶ್ರಾಂತಿಯ ಮಟ್ಟದ ಶೇ. 20ಕ್ಕೆ ಇಳಿದಿದ್ದ ಸ್ವಯಂಸೇವಕರನ್ನು ಲಫ್‌ಬರೋದಲ್ಲೇ ಅಳೆದಾಗ, ಒಂದೂವರೆ ನಿಮಿಷದಲ್ಲಿ ಅದು ಶೇ. 65ಕ್ಕೆ ಮರಳಿತ್ತು. ಆದರೆ ಆರು ನಿಮಿಷ ಕಳೆದರೂ ಶೇ. 85ರ ಆಸುಪಾಸಿನಲ್ಲೇ ಇತ್ತು. ಏರಿಕೆ ಮೊದಲು ರಭಸವಾಗಿಯೂ ಆಮೇಲೆ ಎಳೆದೆಳೆದೂ ನಡೆಯುತ್ತದೆ. ಕೊನೆಯ ಭಾಗ ನಿಧಾನವಾಗಲು ಸ್ನಾಯುವಿನಲ್ಲಿ ಉಳಿದಿರುವ ಆಮ್ಲೀಯತೆ ಒಂದು ಕಾರಣ. ಮೇಲಿನ ಸೂತ್ರವನ್ನು ನೋಡಿದರೆ ಇದು ತಿಳಿಯುತ್ತದೆ: ಪ್ರೋಟಾನ್‌ಗಳು ಹೆಚ್ಚಿದ್ದರೆ ಸಮತೋಲನ ಎಟಿಪಿಯ ಕಡೆಗೇ ವಾಲಿ, ಕ್ರಿಯೇಟಿನ್ ಫಾಸ್ಫೇಟ್ ಕಟ್ಟಿಕೊಳ್ಳುವುದು ಕಷ್ಟವಾಗುತ್ತದೆ.

ಆ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಎರಡನೆಯ ಸ್ಪ್ರಿಂಟಿನಲ್ಲಿ ಮರಳಿ ದೊರೆತ ಬಲ ಕ್ರಿಯೇಟಿನ್ ಫಾಸ್ಫೇಟಿನ ಏರಿಕೆಗೆ ಹೊಂದಿಕೊಂಡು ಸಾಗಿತು, ಸ್ನಾಯುವಿನ ಪಿಎಚ್ ಇನ್ನೂ ಕೆಳಗೇ ಇದ್ದಾಗಲೂ.

ಅಭ್ಯಾಸಕ್ಕೆ ಅನ್ವಯಿಸುವುದಾದರೆ, ಗರಿಷ್ಠ ವೇಗವನ್ನೇ ಬೆಳೆಸಲು 30 ಮೀಟರಿನ ಓಟಗಳನ್ನು ಮಾಡಿಸುವ ತರಬೇತುದಾರರು ನಡುವೆ ಎರಡು ಮೂರು ನಿಮಿಷ ಬಿಡುವು ಕೊಡುವುದು ಸಮಂಜಸ. ಅರ್ಧ ನಿಮಿಷಕ್ಕೇ ಮತ್ತೆ ಓಡಿಸಿದರೆ ಅದು ವೇಗದ ಅಭ್ಯಾಸವಾಗಿ ಉಳಿಯದೆ ದಣಿವನ್ನು ತಾಳುವ ಅಭ್ಯಾಸವಾಗುತ್ತದೆ. ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ: ಓಟದ ಸಮಯಗಳನ್ನು ಬರೆದಿಡುತ್ತ ಹೋದರೆ ಮೂರನೆಯ ಅಥವಾ ನಾಲ್ಕನೆಯ ಓಟದಿಂದಲೇ ಸಮಯ ಏರತೊಡಗುವುದು ಕಾಣುತ್ತದೆ. ಕಬಡ್ಡಿಯಲ್ಲಿ 30 ಸೆಕೆಂಡಿನ ಒಂದು ರೇಡ್ ಮುಗಿಸಿ ಬಂದವನನ್ನೇ ಬೆನ್ನುಬೆನ್ನಿಗೆ ಕಳಿಸಿದಾಗ ಕೊನೆಯ ಜಿಗಿತದ ಚುರುಕು ಕುಂದುವುದರಲ್ಲೂ ಇದರ ಪಾಲಿದೆ.

ನಾನು ಸಸ್ಯಾಹಾರಿ. ಕ್ರಿಯೇಟಿನ್ ಪುಡಿ ತೆಗೆದುಕೊಂಡರೆ ಸ್ನಾಯುವಿನಲ್ಲಿ ನಿಜವಾಗಿಯೂ ಹೆಚ್ಚಾಗುತ್ತದಾ?

ಹೆಚ್ಚಾಗುತ್ತದೆ. ದಿನಕ್ಕೆ 20 ಗ್ರಾಂನಂತೆ, ನಾಲ್ಕು ಸಲ ಹಂಚಿಕೊಂಡು, ಐದಾರು ದಿನ ತೆಗೆದುಕೊಂಡವರಲ್ಲಿ ಸ್ನಾಯುವಿನ ಒಟ್ಟು ಕ್ರಿಯೇಟಿನ್ ಸರಾಸರಿ ಶೇ. 20ರಷ್ಟು ಏರುತ್ತದೆಂದು 1990ರ ದಶಕದಲ್ಲಿ ಹಲ್ಟ್‌ಮನ್ ಮತ್ತು ಜೊತೆಗಾರರು ಸ್ನಾಯುತುಣುಕುಗಳ ಪರೀಕ್ಷೆಯಿಂದ ತೋರಿಸಿದರು. ದಿನಕ್ಕೆ 3 ಗ್ರಾಂನಂತೆ ನಾಲ್ಕು ವಾರ ತೆಗೆದುಕೊಂಡವರೂ ಅದೇ ಮಟ್ಟವನ್ನು ಮುಟ್ಟಿದರು. ಅವಸರವಿಲ್ಲದವರಿಗೆ ದೊಡ್ಡ ಪ್ರಮಾಣದ ಅಗತ್ಯವಿಲ್ಲವೆಂದೇ ಇದರರ್ಥ. ಸ್ನಾಯು ಹಿಡಿದಿಟ್ಟುಕೊಳ್ಳಲು ಮಿತಿಯಿದೆ, ಒಣ ಸ್ನಾಯುವಿನಲ್ಲಿ ಕಿಲೋಗೆ ಸುಮಾರು 160 ಮಿಲಿಮೋಲ್ ಮುಟ್ಟಿದ ಮೇಲೆ ಹೆಚ್ಚು ತಿಂದದ್ದು ಮೂತ್ರದಲ್ಲಿ ಹೋಗುತ್ತದೆ. ಸಸ್ಯಾಹಾರಿಗಳಲ್ಲಿ ಆರಂಭದ ಮಟ್ಟ ಮಾಂಸಾಹಾರಿಗಳಿಗಿಂತ ಕಡಿಮೆ ಇರುವುದರಿಂದ ಸಾಮಾನ್ಯವಾಗಿ ಏರಿಕೆ ಹೆಚ್ಚು.

ಲಾಭ ಎಲ್ಲಿ ಸಿಗುತ್ತದೆ ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಒಂದೇ ಒಂದು ಓಟದಲ್ಲಿ ವ್ಯತ್ಯಾಸ ಕಾಣುವುದು ಅನುಮಾನ. ಚಿಕ್ಕ ಬಿಡುವಿನೊಂದಿಗೆ ಮತ್ತೆ ಮತ್ತೆ ಬಿರುಸು ತೋರಬೇಕಾದ ಕಡೆ, ಉದಾಹರಣೆಗೆ ಭಾರ ಎತ್ತುವ ಸರಣಿಗಳಲ್ಲಿ, ಕೊನೆಯ ಸುತ್ತುಗಳು ಅಷ್ಟು ಬೇಗ ಕುಸಿಯುವುದಿಲ್ಲ. ಮೊದಲ ವಾರದಲ್ಲಿ ಕಿಲೋ ಒಂದರಷ್ಟು ತೂಕ ಏರುವುದು ಸ್ನಾಯುವಿನ ಒಳಗೆ ಸೇರಿದ ನೀರಿನಿಂದ, ಅದನ್ನು ಹೊಸ ಸ್ನಾಯುವೆಂದು ಎಣಿಸಬಾರದು.

ಕ್ರಿಯೇಟಿನ್ ತಗೊಳ್ತಿದ್ದೆ, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಜಾಸ್ತಿ ಬಂತು. ಕಿಡ್ನಿ ಹಾಳಾಯಿತಾ?

ಆ ಒಂದು ಅಂಕಿಯಿಂದ ಹಾಗೆ ತೀರ್ಮಾನಿಸಲಾಗದು. ಸ್ನಾಯುವಿನ ಕ್ರಿಯೇಟಿನ್ ಮತ್ತು ಕ್ರಿಯೇಟಿನ್ ಫಾಸ್ಫೇಟ್ ಪ್ರತಿದಿನ ಶೇ. 1.7ರಷ್ಟು ತಾವಾಗಿಯೇ, ಯಾವ ಕಿಣ್ವದ ನೆರವೂ ಇಲ್ಲದೆ, ಕ್ರಿಯಾಟಿನಿನ್ ಆಗಿ ಬದಲಾಗಿ ಮೂತ್ರಪಿಂಡದ ಮೂಲಕ ಹೊರಹೋಗುತ್ತವೆ. ವಯಸ್ಕರಲ್ಲಿ ಇದು ದಿನಕ್ಕೆ ಸುಮಾರು 2 ಗ್ರಾಂ. ಮೂತ್ರಪಿಂಡ ಸೋತರೆ ಅದು ರಕ್ತದಲ್ಲಿ ಉಳಿದು ಅಂಕಿ ಏರುತ್ತದೆ. ಆದರೆ ಸ್ನಾಯು ಹೆಚ್ಚಿದ್ದರೆ ಅಥವಾ ಕ್ರಿಯೇಟಿನ್ ಸೇವಿಸುತ್ತಿದ್ದರೆ ಉತ್ಪಾದನೆಯೇ ಹೆಚ್ಚಿ, ಮೂತ್ರಪಿಂಡ ಚೆನ್ನಾಗಿದ್ದಾಗಲೂ ಅಂಕಿ ತುಸು ಏರಬಹುದು. ವೈದ್ಯರಿಗೆ ಕ್ರಿಯೇಟಿನ್ ಸೇವನೆಯ ವಿಷಯವನ್ನು ಮರೆಮಾಚದೆ ತಿಳಿಸಿ. ಸ್ನಾಯುವಿನ ಗಾತ್ರವನ್ನು ಅವಲಂಬಿಸದ ಸಿಸ್ಟಾಟಿನ್ ಸಿ ಪರೀಕ್ಷೆ ಮತ್ತು ಮೂತ್ರಪರೀಕ್ಷೆಯಿಂದ ಅವರು ಎರಡನ್ನೂ ಬೇರ್ಪಡಿಸಿ ನೋಡಬಲ್ಲರು. ಮೊದಲೇ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು.

ವರದಿಯಲ್ಲಿ ಸಿಪಿಕೆ ಎಂದು ಬರುವುದು ಇನ್ನೊಂದೇ ವಸ್ತು, ಮೇಲೆ ಹೇಳಿದ ಕ್ರಿಯೇಟಿನ್ ಕೈನೇಸ್ ಕಿಣ್ವ. ಸ್ನಾಯುವಿನ ಒಳಗಿರಬೇಕಾದ ಅದು ರಕ್ತದಲ್ಲಿ ಹೆಚ್ಚಾಗಿ ಕಂಡರೆ ಸ್ನಾಯುವಿನ ಕೋಶಗಳಿಗೆ ಪೆಟ್ಟಾಗಿ ಸೋರಿದೆ ಎಂದರ್ಥ. ಅಭ್ಯಾಸವಿಲ್ಲದ ಕಠಿಣ ವ್ಯಾಯಾಮದ ಮರುದಿನ ಇದು ಸಾಮಾನ್ಯ. ಮೂತ್ರ ಕಂದುಬಣ್ಣಕ್ಕೆ ತಿರುಗಿದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

## ಇನ್ನಷ್ಟು ಆಳಕ್ಕೆ

ಸಂಕೋಚನಕ್ಕೆ ನೇರವಾಗಿ ಬಳಕೆಯಾಗುವುದು ಎಟಿಪಿಯೇ, ಕ್ರಿಯೇಟಿನ್ ಫಾಸ್ಫೇಟ್ ಅಲ್ಲ ಅಂತ ಹೇಗೆ ಗೊತ್ತಾಯಿತು?

ಈ ಪ್ರಶ್ನೆ ಇತ್ಯರ್ಥವಾಗಲು ಮೂವತ್ತೈದು ವರ್ಷ ಹಿಡಿಯಿತು. 1920ರ ದಶಕದಲ್ಲಿ ಸ್ನಾಯು ಬಿಗಿಯುವುದಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ನಂಬಿಕೆ ಬಲವಾಗಿತ್ತು. 1927ರಲ್ಲಿ ಇಂಗ್ಲೆಂಡಿನಲ್ಲಿ ಎಗಲ್‌ಟನ್ ದಂಪತಿ, ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕೆ ಮತ್ತು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್, ಪರಸ್ಪರ ಸ್ವತಂತ್ರವಾಗಿ, ಸ್ನಾಯುವಿನಲ್ಲಿ ಈ ಅಸ್ಥಿರ ಫಾಸ್ಫೇಟನ್ನು ಕಂಡರು. ಫಿಸ್ಕೆ ಮತ್ತು ಸುಬ್ಬರಾವ್ ಫಾಸ್ಫೇಟ್ ಅಳೆಯಲು ತಾವೇ ರೂಪಿಸಿದ್ದ ಬಣ್ಣದ ಪರೀಕ್ಷೆಯಲ್ಲಿ, ಸ್ನಾಯುವಿನ ಸಾರವನ್ನು ಹಾಕಿದಾಗ ಬಣ್ಣ ಏರಲು ವಿಳಂಬವಾಗುವುದನ್ನು ಗಮನಿಸಿದರು. ಆ ವಿಳಂಬವನ್ನು ತಳ್ಳಿಹಾಕದೆ ಬೆನ್ನುಹತ್ತಿದಾಗ, ಆಮ್ಲದಲ್ಲಿ ನಿಧಾನವಾಗಿ ಒಡೆದು ಫಾಸ್ಫೇಟ್ ಬಿಟ್ಟುಕೊಡುವ ಕ್ರಿಯೇಟಿನ್‌ನ ಸಂಯುಕ್ತ ಸಿಕ್ಕಿತು. ಅದು ಸ್ನಾಯುವನ್ನು ಪ್ರಚೋದಿಸಿದಾಗ ಇಳಿದು ವಿಶ್ರಾಂತಿಯಲ್ಲಿ ಏರುವುದನ್ನೂ ಅವರು ತೋರಿಸಿದರು.

1930ರಲ್ಲಿ ಡೆನ್ಮಾರ್ಕಿನ ಐನರ್ ಲುಂಡ್ಸ್‌ಗಾರ್ಡ್ ಕಪ್ಪೆಯ ಸ್ನಾಯುವಿಗೆ ಅಯೋಡೋಅಸಿಟೇಟ್ ವಿಷ ಹಾಕಿ ಲ್ಯಾಕ್ಟಿಕ್ ಆಮ್ಲದ ಉತ್ಪಾದನೆಯನ್ನು ಪೂರ್ತಿ ನಿಲ್ಲಿಸಿದರು. ಸ್ನಾಯು ಆಗಲೂ ಬಿಗಿಯಿತು, ಕ್ರಿಯೇಟಿನ್ ಫಾಸ್ಫೇಟ್ ಮುಗಿಯುವವರೆಗೂ ಬಿಗಿಯುತ್ತಲೇ ಇದ್ದು, ಕೊನೆಗೆ ಸೆಟೆದು ನಿಂತಿತು. ಲ್ಯಾಕ್ಟಿಕ್ ಆಮ್ಲದ ವಾದ ಅಲ್ಲಿಗೆ ಬಿತ್ತು. ಎಟಿಪಿಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಕಾರ್ಲ್ ಲೋಮನ್ 1934ರಲ್ಲಿ ಕ್ರಿಯೇಟಿನ್ ಫಾಸ್ಫೇಟ್ ಎಡಿಪಿಯ ಮೂಲಕವೇ ಕೆಲಸ ಮಾಡುತ್ತದೆಂದು ತೋರಿಸಿದರು.

ಆದರೂ ಜೀವಂತ ಸ್ನಾಯುವಿನಲ್ಲಿ ಎಟಿಪಿ ಇಳಿದದ್ದನ್ನು ಯಾರೂ ಕಂಡಿರಲಿಲ್ಲ, ಏಕೆಂದರೆ ಅದು ಇಳಿಯುವಷ್ಟರಲ್ಲಿ ಕ್ರಿಯೇಟಿನ್ ಫಾಸ್ಫೇಟ್ ತುಂಬಿಬಿಡುತ್ತಿತ್ತು. 1962ರಲ್ಲಿ ಕೇನ್ ಮತ್ತು ಡೇವಿಸ್ ಎಂಬ ಸಂಶೋಧಕರು ಕ್ರಿಯೇಟಿನ್ ಕೈನೇಸ್ ಅನ್ನೇ ನಿಷ್ಕ್ರಿಯಗೊಳಿಸುವ ಫ್ಲೋರೋಡೈನೈಟ್ರೋಬೆಂಜೀನ್ ಬಳಸಿ ಕಪ್ಪೆಯ ಸ್ನಾಯುವನ್ನು ಬಿಗಿಯುವಂತೆ ಮಾಡಿದಾಗ, ಎಟಿಪಿ ಇಳಿಯಿತು, ಕ್ರಿಯೇಟಿನ್ ಫಾಸ್ಫೇಟ್ ಇದ್ದಷ್ಟೇ ಉಳಿಯಿತು.

ಎಟಿಪಿ ಸಾಕಷ್ಟು ಉಳಿದಿದ್ದರೆ ಎಡಿಪಿ ಸ್ವಲ್ಪ ಹೆಚ್ಚಾದರೆ ಏನು ತೊಂದರೆ? ಲೆಕ್ಕ ಮಾಡಿ ತೋರಿಸಬಹುದೇ?

ಎಟಿಪಿ ಒಡೆದಾಗ ಎಷ್ಟು ಶಕ್ತಿ ಸಿಗುತ್ತದೆ ಎಂಬುದು ಎಟಿಪಿ ಎಷ್ಟಿದೆ ಎಂಬುದರ ಜೊತೆಗೆ ಎಡಿಪಿ ಮತ್ತು ಬಿಡಿ ಫಾಸ್ಫೇಟ್ ಎಷ್ಟು ಕಡಿಮೆ ಇವೆ ಎಂಬುದರ ಮೇಲೂ ನಿಂತಿದೆ. ಎಡಿಪಿ ಏರಿದರೆ ಅದೇ ಎಟಿಪಿಯಿಂದ ಸಿಗುವ ಶಕ್ತಿ ಕುಗ್ಗಿ, ಮೊದಲು ಕ್ಯಾಲ್ಸಿಯಂ ಪಂಪಿನಂಥ ಹೆಚ್ಚು ಶಕ್ತಿ ಬೇಡುವ ಯಂತ್ರಗಳಿಗೆ ಬಿಸಿ ತಟ್ಟುತ್ತದೆ.

ಲೆಕ್ಕಕ್ಕೆ ಸ್ನಾಯುಕೋಶದೊಳಗಿನ ನೀರಿನಲ್ಲಿ ಲೀಟರಿಗೆ ಎಟಿಪಿ 8, ಕ್ರಿಯೇಟಿನ್ ಫಾಸ್ಫೇಟ್ 33, ಬಿಡಿ ಕ್ರಿಯೇಟಿನ್ 10 ಮಿಲಿಮೋಲ್ ಎಂದಿಟ್ಟುಕೊಳ್ಳೋಣ. ಪಿಎಚ್ 7ರಲ್ಲಿ ಈ ಕ್ರಿಯೆಯ ಸಮತೋಲನಾಂಕ ಸುಮಾರು 166.

```
ADP = (ATP × Cr) / (PCr × 166)

ವಿಶ್ರಾಂತಿ:          (8 × 10) / (33 × 166)     = 0.015
PCr 1 ಇಳಿದಾಗ:      (8 × 11) / (32 × 166)     = 0.017
PCr ಅರ್ಧವಾದಾಗ:     (8 × 26.5) / (16.5 × 166) = 0.077
PCr ಶೇ. 20 ಉಳಿದಾಗ:  (8 × 36.4) / (6.6 × 166)  = 0.27
```

ಫಲಿತಾಂಶಗಳೆಲ್ಲ ಲೀಟರಿಗೆ ಮಿಲಿಮೋಲ್‌ಗಳಲ್ಲಿವೆ. ಎರಡನೆಯ ಸಾಲನ್ನು ಗಮನಿಸಿ. 1 ಮಿಲಿಮೋಲ್ ಎಟಿಪಿ ಖರ್ಚಾಗಿ ಅದನ್ನು ಕ್ರಿಯೇಟಿನ್ ಫಾಸ್ಫೇಟ್ ತುಂಬಿಕೊಟ್ಟಾಗ ಎಡಿಪಿ 0.015ರಿಂದ 0.017ಕ್ಕೆ ಏರಿತು, ಅಷ್ಟೇ. ಈ ವ್ಯವಸ್ಥೆ ಇಲ್ಲದಿದ್ದರೆ ಅದೇ ಖರ್ಚಿಗೆ ಎಡಿಪಿ 1ಕ್ಕೆ, ಎಂದರೆ ಅರವತ್ತು ಪಟ್ಟಿಗೂ ಹೆಚ್ಚು, ಏರುತ್ತಿತ್ತು. ಕೆಳಗಿನ ಸಾಲುಗಳಿಗೆ ಬಂದಂತೆ ರಕ್ಷಣೆ ತೆಳುವಾಗುತ್ತ ಹೋಗುತ್ತದೆ. ಅರ್ಧ ಖರ್ಚಾದಾಗ ಐದು ಪಟ್ಟು, ಶೇ. 80 ಖರ್ಚಾದಾಗ ಹದಿನೆಂಟು ಪಟ್ಟು. ನಿಜವಾದ ಸ್ಪ್ರಿಂಟಿನಲ್ಲಿ ಪಿಎಚ್ ಇಳಿಯುವುದರಿಂದ ಏರಿಕೆ ಈ ಲೆಕ್ಕಕ್ಕಿಂತ ಕಡಿಮೆ ಇರುತ್ತದೆ.

ಆ ಹಂತದಲ್ಲಿ ಇನ್ನೊಂದು ಕಿಣ್ವ ನೆರವಿಗೆ ಬರುತ್ತದೆ. ಅಡೆನೈಲೇಟ್ ಕೈನೇಸ್ ಎರಡು ಎಡಿಪಿಗಳನ್ನು ಕೂಡಿಸಿ ಒಂದು ಎಟಿಪಿ, ಒಂದು ಎಎಂಪಿ ಮಾಡುತ್ತದೆ. ಎಎಂಪಿಯನ್ನು ಮತ್ತೊಂದು ಕಿಣ್ವ ಐಎಂಪಿ ಮತ್ತು ಅಮೋನಿಯಾ ಆಗಿ ಬದಲಿಸುತ್ತದೆ. ತೀವ್ರ ಸ್ಪ್ರಿಂಟಿನ ನಂತರ ರಕ್ತದಲ್ಲಿ ಅಮೋನಿಯಾ ಏರಿದ್ದರೆ ಕ್ರಿಯೇಟಿನ್ ಫಾಸ್ಫೇಟಿನ ಆಸರೆ ಸಾಲದೆ ಹೋಯಿತೆಂಬುದಕ್ಕೆ ಅದು ಹೊರಗಿನಿಂದ ಸಿಗುವ ಸುಳಿವು.

ಕಾಲು ಸೋಲುವುದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವೋ, ಕ್ರಿಯೇಟಿನ್ ಫಾಸ್ಫೇಟ್ ಕಾರಣವೋ?

ಕ್ರಿಯೇಟಿನ್ ಫಾಸ್ಫೇಟಿನ ಬಳಕೆ ಆಮ್ಲವನ್ನು ಹೆಚ್ಚಿಸುವುದಿಲ್ಲ. ಸೂತ್ರದ ಎಡಗಡೆ ಒಂದು ಪ್ರೋಟಾನ್ ಇರುವುದನ್ನು ನೋಡಿ. ಶ್ರಮದ ಮೊದಲ ಕ್ಷಣಗಳಲ್ಲಿ ಸ್ನಾಯು ತುಸು ಕ್ಷಾರೀಯವಾಗುವುದೇ ಅಳತೆಗಳಲ್ಲಿ ಕಾಣುತ್ತದೆ, ಗ್ಲೈಕೋಜನ್‌ನ ದಾರಿ ಬಿರುಸಾದ ಮೇಲೆ ಮಾತ್ರ ಪಿಎಚ್ ಇಳಿಯುತ್ತದೆ.

ಆದರೆ ಎಟಿಪಿಯ ಒಡೆತವನ್ನೂ ಅದರ ಮರುತಯಾರಿಕೆಯನ್ನೂ ಒಟ್ಟಿಗೆ ನೋಡಿದರೆ, ಕ್ರಿಯೇಟಿನ್ ಫಾಸ್ಫೇಟ್ ಕ್ರಿಯೇಟಿನ್ ಮತ್ತು ಬಿಡಿ ಫಾಸ್ಫೇಟ್ ಆಗಿ ಒಡೆದಂತೆಯೇ ಆಯಿತು. ಈ ಬಿಡಿ ಫಾಸ್ಫೇಟ್ ಕೆಲವು ಮಿಲಿಮೋಲ್‌ಗಳಿಂದ 30ರ ಆಸುಪಾಸಿಗೆ ಏರಬಲ್ಲದು. ಮಯೋಸಿನ್ ತನ್ನ ಎಳೆತವನ್ನು ಪೂರೈಸಲು ಫಾಸ್ಫೇಟನ್ನು ಹೊರಬಿಡಬೇಕು, ಸುತ್ತಲೂ ಅದೇ ತುಂಬಿದ್ದರೆ ಆ ಹೆಜ್ಜೆ ಹಿಂಜರಿದು ಬಲ ಕುಂದುತ್ತದೆ. ಕ್ಯಾಲ್ಸಿಯಂ ಚೀಲದೊಳಗೆ ನುಸುಳಿದ ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಗಟ್ಟಿಯಾಗಿ ಅದರ ಬಿಡುಗಡೆಯನ್ನೂ ಕಡಿಮೆ ಮಾಡುತ್ತದೆಂಬ ಸಾಕ್ಷ್ಯವಿದೆ. ಎಟಿಪಿಯನ್ನು ಕಾಪಾಡುವ ಕ್ರಿಯೆಯೇ ಬಲವನ್ನು ತಡೆಯುವ ಉಪೋತ್ಪನ್ನವನ್ನೂ ಹುಟ್ಟಿಸುತ್ತದೆ. ಹಾಗಾಗಿ ಕ್ಷಣಿಕ ಬಿರುಸಿನ ಸುಸ್ತಿನಲ್ಲಿ ಲ್ಯಾಕ್ಟೇಟಿಗಿಂತ ಫಾಸ್ಫೇಟಿನ ಪಾಲು ದೊಡ್ಡದೆಂದು ನಾನು ಭಾವಿಸುತ್ತೇನೆ.

ಕ್ರಿಯೇಟಿನ್ ಕೈನೇಸ್ ಇಲ್ಲದೇ ಇದ್ದರೆ ಸ್ನಾಯು ಕೆಲಸ ಮಾಡುತ್ತದಾ?

ಮಾಡುತ್ತದೆ, ಆದರೆ ಮೊದಲ ಬಿರುಸನ್ನು ಕಳೆದುಕೊಳ್ಳುತ್ತದೆ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಸ್ನಾಯುವಿನ ಕ್ರಿಯೇಟಿನ್ ಕೈನೇಸ್‌ನ ಜೀನ್ ಅನ್ನು ತೆಗೆದುಹಾಕಿ ಬೆಳೆಸಿದ ಇಲಿಗಳ ವಿವರವನ್ನು 1993ರಲ್ಲಿ ಪ್ರಕಟಿಸಿದರು. ಆ ಇಲಿಗಳು ಆರೋಗ್ಯವಾಗಿಯೇ ಕಂಡವು, ಅವುಗಳ ಸ್ನಾಯುವಿನಲ್ಲಿ ವಿಶ್ರಾಂತಿಯಲ್ಲಿ ಎಟಿಪಿಯೂ ಕ್ರಿಯೇಟಿನ್ ಫಾಸ್ಫೇಟೂ ಸಾಮಾನ್ಯ ಮಟ್ಟದಲ್ಲಿದ್ದವು, ಗರಿಷ್ಠ ಬಲವೂ ಕುಂದಿರಲಿಲ್ಲ. ಆದರೆ ಸ್ನಾಯುವನ್ನು ಒಮ್ಮೆಗೇ ರಭಸದಿಂದ ದುಡಿಸಿದಾಗ ಆ ಬಲವನ್ನು ಮೊದಲ ಸೆಕೆಂಡುಗಳಲ್ಲಿ ಉಳಿಸಿಕೊಳ್ಳಲು ಅವಕ್ಕೆ ಆಗಲಿಲ್ಲ. ಕೊರತೆಗೆ ಹೊಂದಿಕೊಳ್ಳಲು ಅವುಗಳ ವೇಗದ ಎಳೆಗಳಲ್ಲಿ ಮೈಟೋಕಾಂಡ್ರಿಯದ ಗಾತ್ರ ಹೆಚ್ಚಿತ್ತು, ಗ್ಲೈಕೋಜನ್ ಒಡೆಯುವ ಸಾಮರ್ಥ್ಯವೂ ಬೆಳೆದಿತ್ತು, ಮತ್ತು ನಿಧಾನವಾಗಿ ಬಹಳ ಹೊತ್ತು ದುಡಿಯುವ ಶಕ್ತಿ ಸಾಮಾನ್ಯ ಇಲಿಗಳಿಗಿಂತ ಉತ್ತಮವಾಗಿತ್ತು.